ಮೂರನೇ ಒಂದು ಭಾಗ ಸರಿ, ಆದರೆ ಯಾವ ಭಾಗ?

ಶನಿವಾರದ ಸ್ಪರ್ಧಾತ್ಮಕ ಪರೀಕ್ಷೆ ತರಗತಿಯಲ್ಲಿ ಕಳೆದ ತಿಂಗಳು ನಾನು ಬರೆದ ಪ್ರೆಸಿಗೆ 10ಕ್ಕೆ 2 ಅಂಕ ಬಂತು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಪದಗಳನ್ನು ಬೆರಳಿಟ್ಟು ಎಣಿಸಿದ್ದೆ, ಮಿತಿ ಮೀರಿರಲಿಲ್ಲ. ಕೆಳಗೆ ಕನ್ನಡ ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಇದನ್ನು ಓದಿದವರು ನಾಳೆಯೇ ಜೆಸಿಬಿ ತರಿಸುತ್ತಾರೆ. ಲೇಖನ ಹೇಳಿದ್ದು ಅದನ್ನೇನಾ?’

ಆ ಒಂದು ಪ್ರಶ್ನೆಯ ಮೇಲೆ ನಾನು ಒಂದು ವಾರ ಯೋಚಿಸಿದೆ. ಆಮೇಲೆ ಕ್ಲಾಸಿನಲ್ಲಿ ಇತರರ ಹಾಳೆಗಳನ್ನೂ ಕೇಳಿ ನೋಡಿದೆ. ಹೆಚ್ಚಿನವರು ನನ್ನ ತಪ್ಪನ್ನೇ ಮಾಡಿದ್ದರು. ನಾವು ಆ ತಪ್ಪನ್ನು ಮಾಡುವುದು ಕನ್ನಡ ಬರದೆ ಅಲ್ಲ, ಕನ್ನಡ ತಪ್ಪಾದೀತೆಂಬ ಹೆದರಿಕೆಯಿಂದ. ಇದೇ ನನ್ನ ಅನಿಸಿಕೆ. ಅದನ್ನು ಮೇಡಂ ಕೊಟ್ಟ ಭಾಗವನ್ನೇ ಇಟ್ಟುಕೊಂಡು ವಿವರಿಸುತ್ತೇನೆ.

ಮೊದಲು ಇದರ ಅಗತ್ಯ ಎಲ್ಲಿ ಬರುತ್ತದೆ ಎಂದು ಹೇಳಿಬಿಡುತ್ತೇನೆ. ಯುಪಿಎಸ್‌ಸಿ ಸಿವಿಲ್ ಸರ್ವಿಸಸ್ ಮುಖ್ಯ ಪರೀಕ್ಷೆಯಲ್ಲಿ 300 ಅಂಕಗಳ ಒಂದು ಭಾರತೀಯ ಭಾಷೆಯ ಪತ್ರಿಕೆ ಇದೆ. ಅದರಲ್ಲಿ 60 ಅಂಕ ಪ್ರೆಸಿಗೆ. ಕೆಪಿಎಸ್‌ಸಿ ನಡೆಸುವ ಗೆಜೆಟೆಡ್ ಪ್ರೊಬೇಷನರ್ಸ್ ಮುಖ್ಯ ಪರೀಕ್ಷೆಯಲ್ಲೂ ಕಡ್ಡಾಯ ಕನ್ನಡ ಪತ್ರಿಕೆ ಇದೆ, ಅದರ ಪಠ್ಯಕ್ರಮದಲ್ಲೂ ಪ್ರೆಸಿ ಇದೆ. ಈ ಪತ್ರಿಕೆಗಳ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಪಾಸಾದರೆ ಸಾಕು. ಯುಪಿಎಸ್‌ಸಿಯಲ್ಲಿ ಶೇಕಡಾ 25 ಬಂದರೆ ಆಯಿತು. ಕೇಳಲು ಸುಲಭವೆನಿಸುತ್ತದೆ. ಆದರೆ ಅದು ಬರದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದರೂ ಅವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯುಪಿಎಸ್‌ಸಿಯಲ್ಲಿ ಉರ್ದುವನ್ನು ಆರಿಸಿಕೊಳ್ಳಬಹುದು ಎಂದು ಯಾರಾದರೂ ಹೇಳಬಹುದು. ಹೌದು, ಆರಿಸಿಕೊಳ್ಳಬಹುದು. ಆದರೆ ನಮ್ಮಲ್ಲಿ ಎಷ್ಟೋ ಜನ ಉರ್ದು ಮಾತಾಡುತ್ತೇವೆಯೇ ಹೊರತು ಮೂರು ಪುಟ ಬರೆಯಲಾರೆವು. ಕೆಪಿಎಸ್‌ಸಿಯಲ್ಲಂತೂ ಕನ್ನಡ ಕಡ್ಡಾಯ. ಹಾಗಾಗಿ ಈ ಬಾಗಿಲನ್ನು ಕನ್ನಡದಲ್ಲೇ ದಾಟಬೇಕು.

ಇನ್ನು ಮೇಡಂ ಕೊಟ್ಟ ಭಾಗ. ಪುಸ್ತಕದಲ್ಲಿ ಸಿಗಬಾರದು ಎಂದು ಅವರೇ ಬರೆದು ತಂದದ್ದು. ಅವರ ಒಪ್ಪಿಗೆಯಿಂದ ಪೂರ್ತಿಯಾಗಿ ಇಲ್ಲಿ ಕೊಡುತ್ತಿದ್ದೇನೆ. ಮುಂದೆ ಓದುವ ಮೊದಲು ಇದನ್ನು ಎರಡು ಸಲ ಓದಿ.

‘ಹಿಂದೆ ಬಯಲುಸೀಮೆಯ ಊರುಗಳಲ್ಲಿ ಕೆರೆಯ ಹೂಳು ತೆಗೆಯುವುದು ಸರ್ಕಾರದ ಕೆಲಸವಾಗಿರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದ ಕೂಡಲೇ ರೈತರು ಗಾಡಿ ಕಟ್ಟಿಕೊಂಡು ಬಂದು, ಆ ಮಣ್ಣನ್ನು ಗೊಬ್ಬರವೆಂದು ತಮ್ಮ ಹೊಲಗಳಿಗೆ ಸಾಗಿಸುತ್ತಿದ್ದರು. ಒಬ್ಬರು ಹತ್ತು ಗಾಡಿ ಹೊಡೆದರೆ ಇನ್ನೊಬ್ಬರು ಇಪ್ಪತ್ತು ಗಾಡಿ ಹೊಡೆಯುತ್ತಿದ್ದರು. ಹೊಲಕ್ಕೆ ಸತ್ವ ಬರುತ್ತಿತ್ತು, ಕೆರೆಗೆ ಆಳ ಉಳಿಯುತ್ತಿತ್ತು. ರಾಸಾಯನಿಕ ಗೊಬ್ಬರ ಅಂಗಡಿಯಲ್ಲಿ ಸಿಗತೊಡಗಿದ ಮೇಲೆ ಈ ಮಣ್ಣು ಯಾರಿಗೂ ಬೇಡವಾಯಿತು. ಎತ್ತುಗಳು ಹೋದವು, ಗಾಡಿಗಳು ಹೋದವು, ಹೂಳು ಮಾತ್ರ ಕೆರೆಯಲ್ಲೇ ಉಳಿಯಿತು. ಈಗ ಲಕ್ಷಗಟ್ಟಲೆ ಹಣ ಖರ್ಚು ಮಾಡಿ, ಜೆಸಿಬಿ ತಂದು, ಅದೇ ಹೂಳನ್ನು ಎತ್ತಿಸುತ್ತಿದ್ದೇವೆ. ಹೂಳು ತೆಗೆದರೆ ಕೆರೆಯಲ್ಲಿ ಹೆಚ್ಚು ನೀರು ನಿಲ್ಲುತ್ತದೆ ಎಂಬುದು ನಿಜ. ಆದರೆ ನೀರು ನಿಲ್ಲುವುದಕ್ಕೆ ಮೊದಲು ಅದು ಕೆರೆಗೆ ಬಂದು ಸೇರಬೇಕಲ್ಲವೇ? ಮಳೆನೀರನ್ನು ಹೊತ್ತು ತರುತ್ತಿದ್ದ ಕಾಲುವೆಗಳ ಮೇಲೆ ಎಷ್ಟೋ ಕಡೆ ರಸ್ತೆ ಬಂದಿದೆ, ಮನೆ ಎದ್ದಿದೆ, ಹೊಲದ ಬದು ಸರಿದಿದೆ. ಅಂಥ ಕೆರೆಯನ್ನು ಎಷ್ಟು ಆಳ ಮಾಡಿದರೂ ಅದು ಖಾಲಿ ಗುಂಡಿಯೇ. ಅಳತೆ ಮೀರಿ ಅಗೆದರೆ ತಳದ ಜೇಡಿಮಣ್ಣಿನ ಪದರವೂ ಕಿತ್ತುಹೋಗಿ, ಬಂದ ನೀರೂ ಇಂಗಿಹೋಗುತ್ತದೆ. ಆದ್ದರಿಂದ ಹೂಳೆತ್ತುವ ಯೋಜನೆ ಕಾಲುವೆಯಿಂದ ಶುರುವಾಗಬೇಕೇ ಹೊರತು ಕೆರೆಯ ಅಂಗಳದಿಂದ ಅಲ್ಲ.’

ಇದು 120 ಪದ. ಮೂರನೇ ಒಂದು ಭಾಗ ಎಂದರೆ 40. ನಾನು ಬರೆದದ್ದು ಹೀಗಿತ್ತು:

‘ಹಿಂದೆ ಬಯಲುಸೀಮೆಯ ಊರುಗಳಲ್ಲಿ ಕೆರೆಯ ಹೂಳು ತೆಗೆಯುವುದು ಸರ್ಕಾರದ ಕೆಲಸವಾಗಿರಲಿಲ್ಲ. ರಾಸಾಯನಿಕ ಗೊಬ್ಬರ ಅಂಗಡಿಯಲ್ಲಿ ಸಿಗತೊಡಗಿದ ಮೇಲೆ ಈ ಮಣ್ಣು ಯಾರಿಗೂ ಬೇಡವಾಯಿತು. ಈಗ ಲಕ್ಷಗಟ್ಟಲೆ ಹಣ ಖರ್ಚು ಮಾಡಿ, ಜೆಸಿಬಿ ತಂದು, ಅದೇ ಹೂಳನ್ನು ಎತ್ತಿಸುತ್ತಿದ್ದೇವೆ. ಹೂಳು ತೆಗೆದರೆ ಕೆರೆಯಲ್ಲಿ ಹೆಚ್ಚು ನೀರು ನಿಲ್ಲುತ್ತದೆ ಎಂಬುದು ನಿಜ.’

ನೋಡಿ, ಇದರಲ್ಲಿ ನನ್ನದು ಎನ್ನುವ ಒಂದು ಪದವೂ ಇಲ್ಲ. ಬೇಸಿಗೆ ರಜೆಯಲ್ಲಿ ಹೋಗಿದ್ದ ಒಂದು ಕೋಚಿಂಗ್ ತರಗತಿಯಲ್ಲಿ ಹೇಳಿಕೊಟ್ಟಿದ್ದಂತೆ ‘ಮುಖ್ಯ’ ಎನಿಸಿದ ವಾಕ್ಯಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ, ಗೆರೆ ಎಳೆದದ್ದನ್ನು ಮೇಲಿಂದ ಕೆಳಕ್ಕೆ ಇಳಿಸುತ್ತಾ ಬಂದೆ. ನಾಲ್ಕು ವಾಕ್ಯಕ್ಕೆ 35 ಪದ ಆಯಿತು. ಮುಂದಿನ ವಾಕ್ಯದಲ್ಲಿ 8 ಪದ ಇದೆ, ಸೇರಿಸಿದರೆ 43 ಆಗುತ್ತದೆ. ಹಾಗಾಗಿ ಅಲ್ಲಿಗೇ ನಿಲ್ಲಿಸಿದೆ. ಜಾಗ ಮುಗಿಯಿತು ಎಂದು ನಿಲ್ಲಿಸಿದೆನೇ ಹೊರತು ಮಾತು ಮುಗಿಯಿತು ಎಂದಲ್ಲ.

ನಾನು ಬಿಟ್ಟ ಆ ಮುಂದಿನ ವಾಕ್ಯದ ಮೊದಲ ಪದ ಯಾವುದು? ‘ಆದರೆ’. ಲೇಖಕರು ಎದುರು ಪಕ್ಷದ ಮಾತನ್ನು ‘ಎಂಬುದು ನಿಜ’ ಎಂದು ಒಪ್ಪಿ, ‘ಆದರೆ’ ಎಂದು ತಿರುಗಿ, ತಮ್ಮ ಮಾತನ್ನು ಶುರು ಮಾಡುವುದೇ ಅಲ್ಲಿಂದ. ನಾನು ಅವರು ಒಪ್ಪಿಕೊಂಡ ಮಾತನ್ನು ಕೊನೆಯ ಮಾತಾಗಿ ಮಾಡಿಬಿಟ್ಟೆ. ಅವರು ‘ಮೊದಲು ಕಾಲುವೆ’ ಎಂದರೆ ನಾನು ‘ಜೆಸಿಬಿ ತಂದರೆ ನೀರು ನಿಲ್ಲುತ್ತದೆ’ ಎಂದು ಅವರ ಬಾಯಲ್ಲಿ ಹೇಳಿಸಿದೆ. ನನ್ನ ಹಾಳೆಯಲ್ಲಿ ಕಾಲುವೆ ಎಂಬ ಪದವೇ ಇರಲಿಲ್ಲ.

ಇನ್ನೊಂದು ತಪ್ಪನ್ನು ಮೇಡಂ ತೋರಿಸಿದ ಮೇಲೆಯೇ ಕಂಡೆ. ಎರಡನೇ ವಾಕ್ಯದಲ್ಲಿ ‘ಈ ಮಣ್ಣು’ ಎಂದಿದೆ. ಯಾವ ಮಣ್ಣು? ಮೂಲದಲ್ಲಿ ರೈತರು ಮಣ್ಣು ಸಾಗಿಸಿದ ವಾಕ್ಯ ಅದಕ್ಕೆ ಮೊದಲು ಇತ್ತು, ನನ್ನಲ್ಲಿ ಇಲ್ಲ. ವಾಕ್ಯವನ್ನು ಕಿತ್ತು ತಂದರೆ ಅದರ ಬೇರಿಗೆ ಅಂಟಿಕೊಂಡದ್ದೂ ಜೊತೆಗೆ ಬರುತ್ತದೆ. ‘ಈ’, ‘ಅದೇ’, ‘ಅಂಥ’, ‘ಹೀಗಾಗಿ’, ಇವೆಲ್ಲ ಹಿಂದಿನ ವಾಕ್ಯದ ಕಡೆ ಕೈ ತೋರಿಸುವ ಪದಗಳು. ನಿಮ್ಮ ಪ್ರೆಸಿ ಅಂಟಿಸಿದ್ದೋ ಬರೆದದ್ದೋ ಎಂದು ನೋಡಲು ಈ ಪದಗಳನ್ನು ಹುಡುಕಿ. ಅವು ತೋರಿಸುವ ವಸ್ತು ನಿಮ್ಮ ಹಾಳೆಯಲ್ಲೇ ಇದೆಯೇ? ಇಲ್ಲದಿದ್ದರೆ ಪರೀಕ್ಷಕರಿಗೆ ಮೂಲವನ್ನು ನೋಡದೆಯೇ ಗೊತ್ತಾಗುತ್ತದೆ.

ಹಾಗಾದರೆ ನಾವೆಲ್ಲ ಏಕೆ ಹೀಗೆ ಅಂಟಿಸುತ್ತೇವೆ? ಪಕ್ಕದ ಬೆಂಚಿನ ಗೆಳತಿ ನೇರವಾಗಿ ಹೇಳಿದಳು: ‘ನಾನು ಸ್ವಂತ ಬರೆದ್ರೆ ಹೂಳು ಹೋಗಿ ಹೂಲು ಆಗುತ್ತೆ. ಅವರದ್ದೇ ವಾಕ್ಯ ಬರೆದ್ರೆ ಕನ್ನಡವಾದ್ರೂ ಸರಿ ಇರುತ್ತೆ.’ ನಗು ಬಂದರೂ ಇದು ನಮ್ಮೆಲ್ಲರ ಮಾತು. ಮನೆಯಲ್ಲಿ ಉರ್ದು ಆಡುವ ನಮಗೆ ಳ ಮತ್ತು ಲ ಇನ್ನೂ ತೊಡಕು. ಅವಸರದಲ್ಲಿ ‘ಬಸ್ಸು ಬಂದ’ ಎಂದುಬಿಡುತ್ತೇವೆ. ಅಂಕ ಕಳೆಯುತ್ತಾರೆಂಬ ಭಯದಲ್ಲಿ ಅಚ್ಚಾದ ವಾಕ್ಯವೇ ಕ್ಷೇಮ ಎನಿಸುತ್ತದೆ.

ಅದಕ್ಕೆ ಜೊತೆಯಾಗಿ ಶಾಲೆಯ ಅಭ್ಯಾಸ ಬೇರೆ. ಎಸ್ಸೆಸ್ಸೆಲ್ಸಿವರೆಗೆ ನಾವು ಪದ್ಯಗಳ ಸಾರಾಂಶ ಬರೆದೆವು. ನಾಲ್ಕು ಸಾಲಿನ ಪದ್ಯಕ್ಕೆ ಹನ್ನೆರಡು ಸಾಲಿನ ಸಾರಾಂಶ! ಅಲ್ಲಿ ಸಾರಾಂಶ ಎಂದರೆ ಬಿಡಿಸಿ ಹೇಳುವುದು, ಆದ್ದರಿಂದ ಉದ್ದವಾಗುತ್ತದೆ. ಅದು ತಪ್ಪಲ್ಲ. ಆದರೆ ಇದ್ದದ್ದನ್ನು ಚಿಕ್ಕದು ಮಾಡುವ ಕೆಲಸ ನಮಗೆ ಯಾರೂ ಕೊಟ್ಟಿರಲಿಲ್ಲ. ಪ್ರೆಸಿಯಲ್ಲಿ ಮೊದಲ ಸಲ ಅದನ್ನು ಮಾಡು ಎಂದಾಗ ಕತ್ತರಿ ಹಿಡಿಯುವುದೊಂದೇ ತೋಚುತ್ತದೆ.

ನನಗೆ ದಾರಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ಎರಡು ಅಂಕದ ಹಾಳೆ ನೋಡಿ ಅಮ್ಮಿ ಏನಾಯಿತು ಎಂದು ಕೇಳಿದರು. ಅವರು ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಭಾಗವನ್ನು ಓದಿ ಹೇಳಿದೆ. ಅರ್ಧ ಕೇಳಿ, ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸದೆ, ‘ಆಖಿರ್ ಕ್ಯಾ ಬೋಲ್ರಾ ಉನೆ?’ ಎಂದರು. ಕೊನೆಗೆ ಅವನು ಹೇಳುವುದಾದರೂ ಏನು? ನಾನು ಯೋಚಿಸದೆ ಹೇಳಿದೆ: ‘ಪೈಲೆ ನಾಲಾ ಸಾಫ್ ಕರೋ, ಬಾದ್ ಮೆ ತಲಾವ್ ಖೋದೋ ಬೋಲ್ರಾ.’ ಮೊದಲು ಕಾಲುವೆ ಸರಿ ಮಾಡಿ, ಆಮೇಲೆ ಕೆರೆ ಅಗೆಯಿರಿ ಎನ್ನುತ್ತಾನೆ.

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಅಷ್ಟು ಹೊತ್ತು ಗೆರೆ ಎಳೆದು ಸಿಗದ ತಿರುಳು ಒಂದೇ ಉಸಿರಿಗೆ ಬಂದಿತ್ತು. ಏಕೆ ಎಂದು ಯೋಚಿಸಿದರೆ ಕಾರಣ ಸರಳ. ದಖ್ನಿಯಲ್ಲಿ ಹೇಳುವಾಗ ಮೇಡಂ ಬರೆದ ವಾಕ್ಯಗಳು ನನ್ನ ಕೈಗೆ ಸಿಗುವುದಿಲ್ಲ. ನಕಲು ಮಾಡಲು ಅಲ್ಲಿ ಏನೂ ಇಲ್ಲ. ಅರ್ಥವನ್ನು ಮಾತ್ರ ಹೊತ್ತು ತರಬೇಕಾಗುತ್ತದೆ. ಕನ್ನಡ ಮನೆಮಾತಿನವರಿಗೆ ಈ ಅನುಕೂಲ ಇಲ್ಲ. ಅವರು ಭಾಗವನ್ನು ಅದೇ ಭಾಷೆಯಲ್ಲಿ ನೆನೆಯುತ್ತಾರೆ, ಮೂಲದ ಮಾತುಗಳು ತಾವಾಗಿ ಬಂದುಬಿಡುತ್ತವೆ. ನಾವು ಯಾವುದನ್ನು ಕೊರತೆ ಎಂದುಕೊಂಡಿದ್ದೆವೋ ಅದು ಈ ಒಂದು ಪ್ರಶ್ನೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಈಗ ನಾನು ಮಾಡುವ ಕ್ರಮ ಇದು. ಎರಡು ಸಲ ಓದುವವರೆಗೆ ಪೆನ್ಸಿಲ್ ಮುಟ್ಟುವುದಿಲ್ಲ. ಆಮೇಲೆ ಪ್ರಶ್ನೆಪತ್ರಿಕೆಯನ್ನು ಮಗುಚಿ ಇಟ್ಟು, ‘ಆಖಿರ್ ಕ್ಯಾ ಬೋಲ್ರಾ’ ಎಂದು ನನಗೆ ನಾನೇ ಕೇಳಿಕೊಂಡು, ಬಂದ ಉತ್ತರವನ್ನು ಕನ್ನಡದಲ್ಲಿ ಒಂದು ಸಾಲು ಬರೆದುಕೊಳ್ಳುತ್ತೇನೆ. ಅದು ನನ್ನ ಪ್ರೆಸಿಯ ಕೊನೆಯ ವಾಕ್ಯವೋ ಮೊದಲ ವಾಕ್ಯವೋ ಆಗುತ್ತದೆ. ನಂತರ, ಈ ಮಾತಿಗೆ ಲೇಖಕರು ಹೇಗೆ ಬಂದರು ಎಂದು ಕೇಳಿಕೊಳ್ಳುತ್ತೇನೆ. ಇಲ್ಲಿ ಉತ್ತರ: ಹಿಂದೆ ರೈತರು ಹೂಳು ಒಯ್ಯುತ್ತಿದ್ದರು, ಗೊಬ್ಬರ ಬಂದು ಅದು ನಿಂತಿತು, ಈಗ ಖರ್ಚು ಮಾಡುತ್ತಿದ್ದೇವೆ, ಕಾಲುವೆ ಮುಚ್ಚಿದೆ, ಹೆಚ್ಚು ಅಗೆದರೂ ಕೆಡುಕು. ಐದು ಮೆಟ್ಟಿಲು. ಇದನ್ನು ಮೂಲ ನೋಡದೆ ವಾಕ್ಯ ಮಾಡಿ ಬರೆದೆ. ಮೊದಲ ಸಲ 50 ಪದ ಬಂತು.

ಹತ್ತು ಪದ ಹೆಚ್ಚು. ಅವು ಯಾವುವು ಎಂದು ನೋಡಿದರೆ ತಮಾಷೆ. ಮೊದಲಿಗೆ ‘ಲೇಖಕರು ಈ ಭಾಗದಲ್ಲಿ ಕೆರೆಗಳ ಬಗ್ಗೆ ಹೇಳುತ್ತಾರೆ’ ಎಂದು ಬರೆದಿದ್ದೆ, ಅದೇ 6 ಪದ. ಪ್ರೆಸಿಯಲ್ಲಿ ಲೇಖಕರು ಹೇಳುತ್ತಾರೆ ಎನ್ನಬೇಕಿಲ್ಲ, ಅವರ ಮಾತನ್ನೇ ಹೇಳುತ್ತಿದ್ದೇವಲ್ಲ. ಕೊನೆಗೆ ‘ಆದ್ದರಿಂದ ನಾವೆಲ್ಲರೂ ಕೆರೆಗಳನ್ನು ಉಳಿಸಬೇಕು’ ಎಂದು 4 ಪದ. ಇದನ್ನು ಲೇಖಕರು ಎಲ್ಲೂ ಹೇಳಿಲ್ಲ. ಪ್ರಬಂಧ ಬರೆದು ಬರೆದು ಬಂದ ಚಾಳಿ, ಕೈ ತಾನಾಗಿ ಉಪದೇಶ ಬರೆಯಿತು. ಎರಡನ್ನೂ ಹೊಡೆದು ಹಾಕಿದೆ. ಉಳಿದದ್ದು:

‘ಹಿಂದೆ ರೈತರೇ ಕೆರೆಯ ಹೂಳನ್ನು ಗೊಬ್ಬರವಾಗಿ ಒಯ್ಯುತ್ತಿದ್ದುದರಿಂದ ಕೆರೆಗಳ ಆಳ ಉಳಿದಿತ್ತು, ರಾಸಾಯನಿಕ ಗೊಬ್ಬರ ಬಂದ ಮೇಲೆ ಹೂಳು ತುಂಬಿತು. ಈಗ ಅದನ್ನು ಹಣ ತೆತ್ತು ತೆಗೆಸಲಾಗುತ್ತಿದೆ. ಆದರೆ ನೀರು ತರುವ ಕಾಲುವೆಗಳು ಮುಚ್ಚಿರುವ ಕಡೆ ಆಳ ಹೆಚ್ಚಿಸಿ ಫಲವಿಲ್ಲ. ಅತಿಯಾಗಿ ಅಗೆದರೆ ನೀರು ಇಂಗಿಯೂ ಹೋಗುತ್ತದೆ. ಮೊದಲು ಕಾಲುವೆಗಳನ್ನು ಸರಿಪಡಿಸಿ, ನಂತರ ಹೂಳು ತೆಗೆಯಬೇಕು.’

ಸರಿಯಾಗಿ 40 ಪದ. ಪರೀಕ್ಷೆಯಲ್ಲಿ ‘ಸುಮಾರು ಮೂರನೇ ಒಂದು ಭಾಗ’ ಎಂದಿರುತ್ತದೆ, ಒಂದೆರಡು ಪದ ಆಚೀಚೆ ಆದರೆ ಪ್ರಾಣ ಹೋಗುವುದಿಲ್ಲ. ಆದರೆ 25ಕ್ಕೆ ಮುಗಿಸುವುದೂ ತಪ್ಪೇ. ಚಿಕ್ಕದಾದಷ್ಟೂ ಒಳ್ಳೆಯದು ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. 25 ಪದದಲ್ಲಿ ಈ ಐದು ಮೆಟ್ಟಿಲಲ್ಲಿ ಎರಡಾದರೂ ಬಿದ್ದುಹೋಗುತ್ತವೆ.

ಪದ ಎಲ್ಲಿ ಉಳಿಯಿತು ಎಂಬುದನ್ನು ವಾಣಿಜ್ಯ ವಿಭಾಗದವಳಾಗಿ ಲೆಕ್ಕ ಹಾಕದೆ ಬಿಡಲಾರೆ. ಹಳೆಯ ಕಾಲದ ಕಥೆ ಹೇಳುವ ಮೊದಲ ಆರು ವಾಕ್ಯಗಳಲ್ಲಿ 53 ಪದ ಇತ್ತು, ಅದಕ್ಕೆ ನಾನು 15 ಕೊಟ್ಟೆ. ಈಗಿನ ಖರ್ಚಿನ ವಾಕ್ಯ 10 ಇದ್ದದ್ದು 5 ಆಯಿತು. ‘ಹೂಳು ತೆಗೆದರೆ’ ಎಂಬಲ್ಲಿಂದ ಕೊನೆಯವರೆಗಿನ 57ಕ್ಕೆ 20 ಕೊಟ್ಟೆ. ಅಂದರೆ ಎಲ್ಲ ವಾಕ್ಯವನ್ನೂ ಸಮನಾಗಿ ಮೂರರಿಂದ ಭಾಗಿಸಲಿಲ್ಲ. ಒಬ್ಬರು ಹತ್ತು ಗಾಡಿ, ಇನ್ನೊಬ್ಬರು ಇಪ್ಪತ್ತು ಗಾಡಿ ಎಂಬುದಕ್ಕೆ ಸೊನ್ನೆ. ಅದು ಚಂದದ ವಾಕ್ಯ, ನಿಜ, ಆದರೆ ಅದು ಉದಾಹರಣೆ. ಕಾಲುವೆಯ ವಾಕ್ಯದಲ್ಲಿ ‘ರಸ್ತೆ ಬಂದಿದೆ, ಮನೆ ಎದ್ದಿದೆ, ಹೊಲದ ಬದು ಸರಿದಿದೆ’ ಎಂದು ಮೂರು ಸಂಗತಿ ಇವೆ. ಮೂರಕ್ಕೂ ಸೇರಿ ‘ಮುಚ್ಚಿರುವ’ ಎಂಬ ಒಂದು ಪದ ಸಾಕಾಯಿತು. 14 ಪದದ ವಾಕ್ಯ ‘ನೀರು ತರುವ ಕಾಲುವೆಗಳು ಮುಚ್ಚಿರುವ ಕಡೆ’ ಎಂದು 5 ಆಯಿತು. ಪ್ರೆಸಿಯಲ್ಲಿ ನಿಜವಾಗಿ ಜಾಗ ಸಿಗುವುದು ಇಲ್ಲೇ: ಪಟ್ಟಿಯನ್ನು ಒಂದು ಹೆಸರಿಗೆ ಇಳಿಸುವಾಗ. ಆದರೆ ‘ಕಡೆ’ ಎಂಬ ಪುಟ್ಟ ಪದವನ್ನು ಬೇಕೆಂದೇ ಉಳಿಸಿಕೊಂಡೆ. ಮೂಲದಲ್ಲಿ ‘ಎಷ್ಟೋ ಕಡೆ’ ಎಂದಿದೆ, ಎಲ್ಲ ಕಡೆ ಎಂದಿಲ್ಲ. ‘ಕಾಲುವೆಗಳು ಮುಚ್ಚಿವೆ’ ಎಂದರೆ ಒಂದು ಪದ ಉಳಿಯುತ್ತಿತ್ತು, ಲೇಖಕರು ಹೇಳದ ಮಾತೂ ಸೇರಿಬಿಡುತ್ತಿತ್ತು.

ಪದ ಎಣಿಸುವ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ಗುಣ ಇದೆ. ‘ಒಯ್ಯುತ್ತಿದ್ದುದರಿಂದ’ ಎಂಬ ಒಂದು ಪದದಲ್ಲಿ ಇಂಗ್ಲಿಷಿನ ನಾಲ್ಕೈದು ಪದಗಳ ಕೆಲಸ ಇದೆ. ಇದನ್ನು ಕಂಡುಕೊಂಡ ಕೆಲವರು ‘ಹೂಳುತೆಗೆಯಬೇಕು’, ‘ನೀರುತರುವ’ ಎಂದು ಬಿಡಿಬಿಡಿ ಪದಗಳನ್ನು ಅಂಟಿಸಿ ಎಣಿಕೆ ಇಳಿಸುತ್ತಾರೆ. ಓದುವವರಿಗೆ ಅದು ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಸಹಜವಾಗಿ ಸೇರಿದ್ದನ್ನು ಸೇರಿಸಿ, ಬಿಡಿಯಾಗಿ ಬರೆಯುವುದನ್ನು ಬಿಡಿಯಾಗಿಯೇ ಬರೆಯಿರಿ. ಮೂಲವೂ ಕನ್ನಡ, ನಿಮ್ಮದೂ ಕನ್ನಡ. ಎರಡನ್ನೂ ಒಂದೇ ರೀತಿ ಎಣಿಸಿದರೆ ಲೆಕ್ಕ ಸರಿಹೋಗುತ್ತದೆ. ಉದ್ದದ ಭಾಗವಿದ್ದರೆ ಎಲ್ಲವನ್ನೂ ಎಣಿಸುತ್ತಾ ಕೂರಬೇಕಿಲ್ಲ. ಮಧ್ಯದ ಮೂರು ಸಾಲು ಎಣಿಸಿ, ಸರಾಸರಿ ತೆಗೆದು, ಸಾಲುಗಳ ಸಂಖ್ಯೆಯಿಂದ ಗುಣಿಸಿ. ನಿಮ್ಮ ಹಾಳೆಯಲ್ಲಿ ಸಾಲಿಗೆ 8 ಪದ ಎಂದು ಮೊದಲೇ ನಿರ್ಧರಿಸಿಕೊಂಡರೆ 40 ಪದಕ್ಕೆ 5 ಸಾಲು, ಬರೆಯುತ್ತಲೇ ಗೊತ್ತಾಗುತ್ತದೆ.

ಗೆಳತಿಯ ಹೂಳು-ಹೂಲು ಭಯಕ್ಕೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಸ್ವಂತ ಮಾತಿನಲ್ಲಿ ಎಂದರೆ ಸ್ವಂತ ವಾಕ್ಯ. ಪದಗಳೂ ಸ್ವಂತದ್ದಾಗಬೇಕು ಎಂದಲ್ಲ. ಕೆರೆ, ಹೂಳು, ಕಾಲುವೆ, ರಾಸಾಯನಿಕ ಗೊಬ್ಬರ, ಈ ನಾಲ್ಕನ್ನೂ ನಾನು ಮೂಲದಿಂದಲೇ ತೆಗೆದುಕೊಂಡೆ. ಅವಕ್ಕೆ ಬೇರೆ ಹೆಸರಿಲ್ಲ. ನಮ್ಮ ಕ್ಲಾಸಿನಲ್ಲಿ ಒಬ್ಬ ಕೆರೆ ಎಂಬುದನ್ನು ಬದಲಿಸಲೇಬೇಕು ಎಂದು ‘ಜಲಾಶಯ’ ಎಂದು ಬರೆದ, ನಮ್ಮ ಊರ ಕೆರೆ ಹೋಗಿ ಅಣೆಕಟ್ಟಾಯಿತು. ಹೀಗಿರುವಾಗ ಕಾಗುಣಿತದ ಭಯ ಏಕೆ? ಕಷ್ಟದ ಪದಗಳೆಲ್ಲ ಪ್ರಶ್ನೆಪತ್ರಿಕೆಯಲ್ಲೇ ಅಚ್ಚಾಗಿವೆ. ವಾಕ್ಯ ಬರೆದು ಮುಗಿದ ಮೇಲೆ ಮಗುಚಿಟ್ಟ ಹಾಳೆಯನ್ನು ತೆರೆದು ಒಂದೊಂದೇ ಪದವನ್ನು ಹೋಲಿಸಿಕೊಳ್ಳಬಹುದು. ಬೇರೆ ಯಾವ ಪ್ರಶ್ನೆಯಲ್ಲೂ ಈ ಸೌಲಭ್ಯ ಇಲ್ಲ. ಪ್ರಬಂಧ ಬರೆಯುವಾಗ ಪ್ರತಿ ಪದವನ್ನೂ ನೆನಪಿನಿಂದ ತರಬೇಕು.

ನನ್ನ ದಾರಿಗೆ ಮಿತಿಯೂ ಇದೆ. ದಖ್ನಿಯ ಒಂದು ಸಾಲು ತಿರುಳನ್ನು ಹಿಡಿಯಲು ಮಾತ್ರ. ಪೂರ್ತಿ ಪ್ರೆಸಿಯನ್ನೇ ಹಾಗೆ ಯೋಚಿಸಿ ಕನ್ನಡಕ್ಕೆ ಇಳಿಸಿದರೆ ವಾಕ್ಯದ ಬೆನ್ನೆಲುಬು ದಖ್ನಿಯದ್ದಾಗಿಯೇ ಉಳಿಯುತ್ತದೆ, ಬಸ್ಸು ಮತ್ತೆ ‘ಬಂದ’ ಆಗುತ್ತದೆ. ಎರಡನೆಯ ವಾರ ನಾನು ಅದನ್ನೂ ಮಾಡಿ ಪೆಟ್ಟು ತಿಂದೆ. ಇನ್ನೊಂದು, ಸಮಯ. ಮೂರು ಗಂಟೆಯ 300 ಅಂಕದ ಪತ್ರಿಕೆಯಲ್ಲಿ 60 ಅಂಕಕ್ಕೆ ಲೆಕ್ಕದಂತೆ 36 ನಿಮಿಷ ಸಿಗುತ್ತದೆ. ಓದಲು, ತಿರುಳು ಹಿಡಿಯಲು ಹತ್ತು ನಿಮಿಷ ಕೊಡುವುದು ಮೊದಲಿಗೆ ಎದೆ ಡವಗುಟ್ಟಿಸುತ್ತದೆ, ಪಕ್ಕದವರು ಆಗಲೇ ಅರ್ಧ ಪುಟ ಬರೆದಿರುತ್ತಾರೆ. ಆದರೆ ಬರೆಯಬೇಕಾದದ್ದು ಮೂರನೇ ಒಂದು ಭಾಗ ಮಾತ್ರ. ಕಚ್ಚಾ ಬರೆದು, ಗೆರೆ ಹೊಡೆದು, ಶುದ್ಧ ಪ್ರತಿ ಮಾಡಲು ಉಳಿದ ಹೊತ್ತು ಸಾಲುತ್ತದೆ. ಶೀರ್ಷಿಕೆ ಕೊಡಬೇಕೋ ಬೇಡವೋ ಎಂಬುದನ್ನು ಸೂಚನೆಯಲ್ಲಿ ನೋಡಿಕೊಳ್ಳಿ. ಯುಪಿಎಸ್‌ಸಿಯಲ್ಲಿ ಬೇಡ ಎನ್ನುತ್ತಾರೆ, ಬೇರೆ ಕಡೆ ಕೇಳಬಹುದು.

ನಮ್ಮ ಅಧ್ಯಾಪಕರಿಗೆ ನನ್ನದೊಂದು ಕೋರಿಕೆ. ಶನಿವಾರದ ತರಗತಿಯಲ್ಲಿ ಈಗ ಭಾಗ ಕೊಡುತ್ತೀರಿ, ನಾವು ಬರೆಯುತ್ತೇವೆ, ಕೊನೆಗೆ ಮಾದರಿ ಉತ್ತರ ಹೇಳಿ ಬರೆಸುತ್ತೀರಿ. ಮಾದರಿ ಚೆನ್ನಾಗಿಯೇ ಇರುತ್ತದೆ. ಆದರೆ ಅದನ್ನು ನಾವು ಬಾಯಿಪಾಠ ಮಾಡುತ್ತೇವೆ, ಆ ಭಾಗ ಪರೀಕ್ಷೆಗೆ ಬರುವುದೇ ಇಲ್ಲ. ಅದರ ಬದಲು ಬರೆಯುವ ಮೊದಲು ಐದು ನಿಮಿಷ, ಪ್ರತಿಯೊಬ್ಬರೂ ತಿರುಳನ್ನು ಒಂದು ಸಾಲಿನಲ್ಲಿ ಬಾಯಲ್ಲಿ ಹೇಳಲಿ. ಕನ್ನಡ, ಉರ್ದು, ಬ್ಯಾರಿ, ಯಾರಿಗೆ ಯಾವುದು ಬರುತ್ತದೋ ಅದರಲ್ಲಿ. ಆ ಸಾಲಿಗೆ ವ್ಯಾಕರಣದ ಅಂಕ ಬೇಡ. ಯಾರ ತಿರುಳು ‘ಆದರೆ’ಯ ಮುಂಚೆಯೇ ನಿಂತಿದೆ ಎಂದು ನಿಮಗೆ ಅಲ್ಲೇ ತಿಳಿಯುತ್ತದೆ, ನಲವತ್ತು ಹಾಳೆ ತಿದ್ದುವ ಮೊದಲೇ. ತರಗತಿಯಲ್ಲಿ ಮನೆಮಾತು ಆಡಬಾರದು ಎಂಬ ನಿಯಮಕ್ಕೆ ಕಾರಣ ಇದೆ, ಗೊತ್ತು. ಈ ಐದು ನಿಮಿಷಕ್ಕೆ ಅದನ್ನು ಸಡಿಲಿಸಬಹುದೇ ಎಂದು ಕೇಳುತ್ತಿದ್ದೇನೆ.

ಇದನ್ನು ಬರೆದು ಗೆಳತಿಗೆ ತೋರಿಸಿದೆ. ಅವಳು ನನ್ನ 40 ಪದವನ್ನು ಒಪ್ಪಲಿಲ್ಲ. ‘ಅತಿಯಾಗಿ ಅಗೆದರೆ ನೀರು ಇಂಗಿಯೂ ಹೋಗುತ್ತದೆ’ ಎಂಬ 5 ಪದ ಪಕ್ಕದ ಮಾತು, ಮುಖ್ಯ ವಾದಕ್ಕೆ ಅದು ಬೇಡ ಎನ್ನುತ್ತಾಳೆ. ಅದನ್ನು ತೆಗೆದು, ‘ಮುಚ್ಚಿರುವ’ ಎಂಬುದಕ್ಕೆ ಮೊದಲು ‘ರಸ್ತೆ, ಮನೆ, ಹೊಲಗಳ ಒತ್ತುವರಿಯಿಂದ’ ಎಂದು 4 ಪದ ಸೇರಿಸಿ, 39ಕ್ಕೆ ಮುಗಿಸಿದ್ದಾಳೆ. ಕಾಲುವೆ ಹೇಗೆ ಮುಚ್ಚಿತು ಎಂದು ಹೇಳದಿದ್ದರೆ ತಾನಾಗಿ ಮುಚ್ಚಿಕೊಂಡಂತೆ ಕೇಳಿಸುತ್ತದಂತೆ. ಇಂಗಿಹೋಗುವುದು ಬೇರೆಯೇ ಕಾರಣ, ಬಿಟ್ಟರೆ ಒಂದು ಮೆಟ್ಟಿಲು ಹೋಯಿತು ಎಂಬುದು ನನ್ನ ವಾದ. ಹೂಳು ಎಂಬುದನ್ನು ಮಾತ್ರ ಅವಳು ಮೂರು ಕಡೆಯೂ ಸರಿಯಾಗಿ ಬರೆದಿದ್ದಾಳೆ. ಎರಡೂ ಹಾಳೆ ಈಗ ಮೇಡಂ ಮೇಜಿನ ಮೇಲಿವೆ.